ರಾತ್ರಿಯ ಅನ್ನ, ಬೆಳಗಿನ ಚಿತ್ರಾನ್ನ

ಕರ್ನಾಟಕ ಎಕ್ಸ್‌ಪ್ರೆಸ್ ಮನ್ಮಾಡಿನಲ್ಲಿ ನಿಲ್ಲುತ್ತದೆ ಎಂಬ ಧೈರ್ಯದ ಮೇಲೆ ನಮ್ಮವ್ವ ಪ್ರತಿ ಬೇಸಿಗೆಯಲ್ಲಿ ಕಲಬುರಗಿಯಿಂದ ಒಬ್ಬಳೇ ಬರುತ್ತಾಳೆ. ಬಂದ ಮರುದಿನವೇ ಅಡುಗೆಮನೆ ಅವಳ ವಶ. ಆ ಸಲ ರಾತ್ರಿ ಒಂಬತ್ತಕ್ಕೆ ಮಾಡಿದ ಅನ್ನ ಅರ್ಧ ಪಾತ್ರೆ ಉಳಿಯಿತು. ಫ್ರಿಜ್ಜಿನಲ್ಲಿ ಇಡಲು ಹೋದರೆ, ‘ಬ್ಯಾಡವ್ವ, ಗಟ್ಟಿಯಾಗತೈತಿ. ಮುಂಜಾನೆ ಚಿತ್ರಾನ್ನ ಮಾಡತೀನಿ’ ಎಂದಳು. ಮೇ ತಿಂಗಳು. ಇಲ್ಲಿ ಹಗಲು ನಲವತ್ತು ಡಿಗ್ರಿ ದಾಟುತ್ತದೆ, ರಾತ್ರಿಯೂ ಅಡುಗೆಮನೆಯ ಗೋಡೆ ಬೆಚ್ಚಗೇ ಇರುತ್ತದೆ.

ಬೆಳಿಗ್ಗೆ ಏಳಕ್ಕೆ ಒಗ್ಗರಣೆ ಬಿತ್ತು. ಅನ್ನ ಉದುರುದುರಾಗಿತ್ತು, ವಾಸನೆ ಇರಲಿಲ್ಲ, ರುಚಿಯೂ ಚೆನ್ನಾಗಿತ್ತು. ನಾನು ಮತ್ತು ತಮ್ಮ ಹೊಟ್ಟೆ ತುಂಬ ತಿಂದೆವು. ಅವ್ವ ರೊಟ್ಟಿ ತಿಂದಳು. ಒಂಬತ್ತೂವರೆಗೆ ನನಗೆ ವಾಂತಿ ಶುರುವಾಯಿತು, ಹತ್ತಕ್ಕೆ ತಮ್ಮನಿಗೆ. ಜ್ವರವಿಲ್ಲ, ಭೇದಿಯೂ ಇಲ್ಲ. ಬರೀ ವಾಂತಿ, ಹೊಟ್ಟೆ ತೊಳಸು. ಸಂಜೆಯೊಳಗೆ ಇಬ್ಬರೂ ಎದ್ದು ಕೂತೆವು.

ಡಾಕ್ಟರರು ಮೊದಲು ಕೇಳಿದ್ದು, ‘ತಿಂದು ಎಷ್ಟು ಹೊತ್ತಿಗೆ ಶುರುವಾಯಿತು?’ ಎಂದು. ಎರಡೂವರೆ ತಾಸು ಎಂದೊಡನೆ, ‘ಅನ್ನ ತಿಂದಿದ್ದಿರಾ?’ ಎಂದರು. ಲ್ಯಾಬಿಗೆ ಏನೂ ಕಳಿಸಲಿಲ್ಲ, ಹಾಗಾಗಿ ಖಚಿತವಾಗಿ ಅದೇ ಎನ್ನಲಾರೆ. ಆದರೆ ಲಕ್ಷಣವೆಲ್ಲ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ್ದು.

ಇದು ಮಣ್ಣಿನ ಜೀವಿ. ಗದ್ದೆಯಿಂದ ಅಕ್ಕಿಯ ಜೊತೆ ಮನೆಗೆ ಬರುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಒಣ ಅಕ್ಕಿಯಲ್ಲಿ ಅದು ಸ್ಪೋರ್ ಎಂಬ ಗಟ್ಟಿ ಚಿಪ್ಪಿನ ಬೀಜದ ರೂಪದಲ್ಲಿ ಮಲಗಿರುತ್ತದೆ. ಅನ್ನ ಕುದಿಯುವಾಗ ಬೇರೆ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಈ ಸ್ಪೋರ್‌ಗಳಲ್ಲಿ ಕೆಲವು ಉಳಿಯುತ್ತವೆ, ಅಷ್ಟೇ ಅಲ್ಲ, ಆ ಬಿಸಿಯಿಂದಲೇ ಎಚ್ಚರಗೊಳ್ಳುತ್ತವೆ. ಆಮೇಲೆ ಅನ್ನ ಉಗುರುಬೆಚ್ಚಗಾಗುತ್ತದೆ, ತೇವ ಇದೆ, ಪಿಷ್ಟ ಇದೆ, ಪೈಪೋಟಿಗೆ ಬೇರೆ ಜೀವಿಗಳು ಕಡಿಮೆ. ರಾತ್ರಿಯಿಡೀ ಬೆಳೆಯುತ್ತ ಅನ್ನದಲ್ಲೇ ಸೆರ್ಯುಲೈಡ್ ಎಂಬ ವಿಷ ಬಿಡುತ್ತವೆ.

ನಮ್ಮ ನಂಬಿಕೆ ಮುರಿಯುವುದು ಇಲ್ಲೇ. ‘ಚೆನ್ನಾಗಿ ಬಿಸಿ ಮಾಡಿದರೆ ಆಯಿತಲ್ಲ’ ಎನ್ನುತ್ತೇವೆ. ಬ್ಯಾಕ್ಟೀರಿಯಾ ಸಾಯಬಹುದು, ವಿಷ ಸಾಯುವುದಿಲ್ಲ. ಸೆರ್ಯುಲೈಡ್ 121 ಡಿಗ್ರಿಯಲ್ಲಿ ಒಂದೂವರೆ ತಾಸು ಇಟ್ಟರೂ ತಡೆದುಕೊಳ್ಳುತ್ತದೆ ಎಂದು ಪರೀಕ್ಷಿಸಿ ನೋಡಿದ್ದಾರೆ. ಅಂದರೆ ಒಗ್ಗರಣೆ, ಮೈಕ್ರೋವೇವ್, ಕುಕ್ಕರ್ ಯಾವುದೂ ಅದನ್ನು ತೆಗೆಯದು. ಕೊನೆಗೆ ಹಿಂಡುವ ನಿಂಬೆಹುಳಿಯೂ ಅಷ್ಟೇ. ವಿಷ ಮೊದಲೇ ತಯಾರಾಗಿರುವುದರಿಂದಲೇ ವಾಂತಿ ಅಷ್ಟು ಬೇಗ, ಒಂದರಿಂದ ಆರು ತಾಸಿನೊಳಗೆ, ಬರುತ್ತದೆ. ಇದೇ ಬ್ಯಾಕ್ಟೀರಿಯಾ ಕರುಳಿಗೆ ಹೋಗಿ ಅಲ್ಲಿ ಬೇರೆ ವಿಷ ಮಾಡಿದರೆ ತಡವಾಗಿ, ಹತ್ತು ಹನ್ನೆರಡು ತಾಸಿಗೆ, ಭೇದಿಯಾಗುತ್ತದೆ.

ಅನ್ನಕ್ಕೂ ಈ ವಾಂತಿಗೂ ಇರುವ ನಂಟು ಬಯಲಾದದ್ದು 1970ರ ದಶಕದ ಆರಂಭದಲ್ಲಿ, ಬ್ರಿಟನ್ನಿನ ಚೀನೀ ಹೋಟೆಲುಗಳ ಫ್ರೈಡ್ ರೈಸಿನಿಂದ. ಅಲ್ಲಿ ಒಮ್ಮೆಲೇ ಬಹಳ ಅನ್ನ ಬೇಯಿಸಿ, ರಾಶಿ ಹಾಕಿ ರಾತ್ರಿಯಿಡೀ ಹೊರಗೆ ಬಿಟ್ಟು, ಗಿರಾಕಿ ಬಂದಾಗ ಬಾಣಲೆಯಲ್ಲಿ ಒಂದೆರಡು ನಿಮಿಷ ಹುರಿದು ಕೊಡುತ್ತಿದ್ದರು. ಫ್ರಿಜ್ಜಿನಲ್ಲಿಟ್ಟರೆ ಅನ್ನ ಅಂಟಿಕೊಂಡು ಹುರಿಯಲು ಬರುವುದಿಲ್ಲ ಎಂಬುದು ಅಲ್ಲಿನ ಅಡುಗೆಯವರ ತಕರಾರು. ಓದಿದಾಗ ನನಗೆ ನಗು ಬಂತು. ನಮ್ಮವ್ವ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ.

ರಾಶಿ ಎಂಬುದು ಮುಖ್ಯ. ಆಳದ ಪಾತ್ರೆಯಲ್ಲಿ ಮುಚ್ಚಿಟ್ಟ ಅನ್ನದ ನಡುಭಾಗ ತಾಸುಗಟ್ಟಲೆ ಬೆಚ್ಚಗಿರುತ್ತದೆ. ಈಗ ನಾವು ಊಟ ಮುಗಿದ ಕೂಡಲೇ ಉಳಿದದ್ದನ್ನು ಅಗಲ ಪರಾತಿನಲ್ಲಿ ತೆಳ್ಳಗೆ ಹರಡಿ, ಫ್ಯಾನಿನ ಕೆಳಗಿಟ್ಟು, ಒಂದು ತಾಸಿನೊಳಗೆ ಸಣ್ಣ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿಗೆ ಸೇರಿಸುತ್ತೇವೆ. ಮರುದಿನವೇ, ಹಬೆ ಬರುವಷ್ಟು ಬಿಸಿ ಮಾಡಿ, ಒಂದೇ ಸಲ. ಮತ್ತೆ ಉಳಿದರೆ ಚೆಲ್ಲುವುದು. ಗಟ್ಟಿಯಾದ ಅನ್ನಕ್ಕೆ ಎರಡು ಚಮಚ ನೀರು ಚಿಮುಕಿಸಿ ಮುಚ್ಚಿಟ್ಟರೆ ಮೆತ್ತಗಾಗುತ್ತದೆ. ರಾತ್ರಿಯಿಡೀ ಹೊರಗಿದ್ದ ಅನ್ನವನ್ನು ಮೂಸಿ ನೋಡಿ ತೀರ್ಮಾನಿಸುವಂತಿಲ್ಲ. ಈ ವಿಷಕ್ಕೆ ವಾಸನೆ, ರುಚಿ ಇಲ್ಲ. ಲೋಳೆ, ಹುಳಿವಾಸನೆ ಬರುವ ಹೊತ್ತಿಗೆ ಬಹಳ ತಡವಾಗಿರುತ್ತದೆ.

‘ಹಂಗಾದ್ರ ನಮ್ಮ ಹಿರ್ಯಾರು ತಂಗಳನ್ನ ತಿಂದು ಗಟ್ಟಿ ಇರಲಿಲ್ಲೇನು?’ ಅವ್ವನ ಪ್ರಶ್ನೆ ಸುಳ್ಳಲ್ಲ. ನೀರು ಹಾಕಿಟ್ಟ ಅನ್ನ ಹುಳಿಯುತ್ತದೆ, ಚೆನ್ನಾಗಿ ಹುಳಿ ಏರಿದರೆ ಈ ಬ್ಯಾಕ್ಟೀರಿಯಾ ಬೆಳೆಯಲಾರದು. ಆದರೆ ಹುಳಿ ಏರುವ ಮೊದಲೇ ವಿಷ ಬಿದ್ದಿದ್ದರೆ ಹುಳಿಯಿಂದ ಅದು ಹೋಗುವುದಿಲ್ಲ. ನಮ್ಮ ಚಿತ್ರಾನ್ನದ ಅನ್ನಕ್ಕಂತೂ ಹುಳಿ ಏರಿರಲೇ ಇಲ್ಲ. ಹೊರಗಿಟ್ಟದ್ದನ್ನು ತಿಂದ ಪ್ರತಿಸಲವೂ ಕಾಯಿಲೆ ಬರುವುದಿಲ್ಲ, ಬಂದರೂ ಬಹುತೇಕರಿಗೆ ಒಂದು ದಿನದಲ್ಲಿ ಇಳಿಯುತ್ತದೆ. ಆದರೆ ಮಗುವಿಗೆ ವಾಂತಿ ನಿಲ್ಲದಿದ್ದರೆ, ಮಂಪರು ಬಂದರೆ, ಕಣ್ಣು ಹಳದಿಯಾದರೆ ಕಾಯಬಾರದು. ಅಪರೂಪಕ್ಕೆ ಈ ವಿಷ ಯಕೃತ್ತನ್ನು ಕೆಡಿಸುತ್ತದೆ.

ಈ ವರ್ಷವೂ ಅವ್ವ ಬಂದಿದ್ದಳು. ಚಿತ್ರಾನ್ನ ಬಿಡಲಿಲ್ಲ. ಬೆಳಿಗ್ಗೆ ಆರಕ್ಕೇ ಎದ್ದು ಎರಡು ಲೋಟ ಅಕ್ಕಿ ಇಟ್ಟು, ಅನ್ನವನ್ನು ಪರಾತಿಗೆ ಸುರಿದು ಆರಿಸಿ, ಆಗಿಂದಾಗಲೇ ಒಗ್ಗರಣೆ ಹಾಕಿದಳು. ‘ಬಿಸಿ ಅನ್ನದ್ದು ಆ ರುಚಿ ಬರಂಗಿಲ್ಲ’ ಎಂದು ಗೊಣಗುತ್ತಲೇ ನನಗೆ ಎರಡು ಸೌಟು ಜಾಸ್ತಿ ಬಡಿಸಿದಳು.