ಹತ್ತಿ ಬರದ ತಿಂಗಳ ಖರ್ಚು ಯಾರ ತಲೆಗೆ?

ಅಣ್ಣಿಗೇರಿಯ ಎರೆಹೊಲದ ಹತ್ತಿಯನ್ನು ನಂಬಿದ ಒಂದು ಜಿನ್ನಿಂಗ್ ಮಿಲ್ ಇದೆ ಎಂದುಕೊಳ್ಳಿ. ಗಿರಣಿ ಓಡುವುದು ನವೆಂಬರ್‌ನಿಂದ ಮಾರ್ಚ್‌ವರೆಗೆ ಮಾತ್ರ. ಆದರೆ ಕಾವಲುಗಾರನ ಪಗಾರ, ವಿಮೆ, ಯಂತ್ರದ ಸವಕಳಿ ಮಳೆಗಾಲದಲ್ಲೂ ನಿಲ್ಲುವುದಿಲ್ಲ. ಇಂಥ ಓವರ್‌ಹೆಡ್ ಖರ್ಚಿನ ನಿಖರ ಮೊತ್ತ ವರ್ಷದ ಕೊನೆಗೇ ಗೊತ್ತಾಗುವುದು. ಅರಳೆಯ ದರವನ್ನು ಮಾತ್ರ ಇವತ್ತೇ ಹೇಳಬೇಕು. ಹಾಗಾಗಿ ಮೊದಲೇ ಅಂದಾಜಿನ ದರ ಕಟ್ಟುತ್ತಾರೆ.

12 ಜಿನ್‌ಗಳು ತಲಾ 1,000 ಗಂಟೆ ಓಡಿದರೆ 12,000 ಯಂತ್ರ-ಗಂಟೆ. ಅಂದಾಜು ಓವರ್‌ಹೆಡ್ ₹18 ಲಕ್ಷ: ಗಿರಣಿ ನಿಂತರೂ ತಪ್ಪದ್ದು ₹12 ಲಕ್ಷ, ಓಡಿದಷ್ಟೇ ಏರುವುದು ₹6 ಲಕ್ಷ. ದರ ಗಂಟೆಗೆ ₹150. ಓಡಿದ ಪ್ರತಿ ಗಂಟೆಗೂ ಇಷ್ಟನ್ನು ಸರಕಿನ ಮೇಲೆ ಹಾಕುತ್ತಾರೆ.

ಅಕಾಲ ಮಳೆಗೆ ಬೆಳೆ ಕೆಟ್ಟು ಗಿರಣಿ ಓಡಿದ್ದು 9,000 ಗಂಟೆ ಮಾತ್ರ. ಸರಕಿನ ಮೇಲೆ ಬಿದ್ದದ್ದು ₹13.5 ಲಕ್ಷ, ನಿಜವಾಗಿ ಆದ ಖರ್ಚು ₹17.4 ಲಕ್ಷ. ಉಳಿದ ₹3.9 ಲಕ್ಷವೇ ಅಂಡರ್ ಅಬ್ಸಾರ್ಪ್ಷನ್. ಈ ಮೊತ್ತವನ್ನು ಒಟ್ಟಿಗೇ ತೀರಿಸಲು ಹೊರಡುವುದು ತಪ್ಪು. ಮೊದಲು ಅದನ್ನು ಒಡೆದು ನೋಡಬೇಕು. ಓಡದ 3,000 ಗಂಟೆಗೆ ತಪ್ಪದ ಖರ್ಚು, ಗಂಟೆಗೆ ₹100ರಂತೆ, ₹3 ಲಕ್ಷ. ಮಿಕ್ಕ ₹90,000 ಕರೆಂಟ್ ಮತ್ತು ರೋಲರ್‌ಗಳ ಬೆಲೆ ಏರಿದ್ದರಿಂದ ಬಂದದ್ದು.

ಮಳೆ ತಂದ ₹3 ಲಕ್ಷಕ್ಕೂ ಗೋದಾಮಿನ ಅರಳೆಗೂ ಸಂಬಂಧವಿಲ್ಲ. ಅದು ನೇರ ಲಾಭ-ನಷ್ಟ ಖಾತೆಗೆ. ಹಣಕಾಸು ಲೆಕ್ಕದಲ್ಲೂ ಎಎಸ್-2 ಮಾನದಂಡ ಹೇಳುವುದು ಇದನ್ನೇ: ತಪ್ಪದ ಓವರ್‌ಹೆಡ್ಡನ್ನು ಸಾಮಾನ್ಯ ಸಾಮರ್ಥ್ಯದ ಮೇಲೆ ಹಂಚಬೇಕು, ಹಂಚಿಕೆಯಾಗದ್ದು ಆ ವರ್ಷದ ಖರ್ಚು. ₹90,000 ಮಾತ್ರ ಅರಳೆಯ ನಿಜವಾದ ವೆಚ್ಚವೇ. ಅದನ್ನು ಗಂಟೆಗೆ ₹10ರ ಪೂರಕ ದರವಾಗಿ ಹಂಚುತ್ತಾರೆ: ಮಾರಿದ ಸರಕಿನ 6,300 ಗಂಟೆಗೆ ₹63,000, ಗೋದಾಮಿನ ಬೇಲ್‌ಗಳ 1,800 ಗಂಟೆಗೆ ₹18,000, ಜಿನ್ ಆಗಿ ಪ್ರೆಸ್ ಆಗದ ಅರಳೆಯ 900 ಗಂಟೆಗೆ ₹9,000. ಮೊತ್ತ ಚಿಕ್ಕದಾಗಿದ್ದರೆ ಈ ತಲೆನೋವು ಬೇಡ, ಎಲ್ಲವನ್ನೂ ಲಾಭ-ನಷ್ಟಕ್ಕೇ ಹಾಕಬಹುದು.

ಸುಗ್ಗಿ ಚೆನ್ನಾಗಿದ್ದು 13,000 ಗಂಟೆ ಓಡಿದರೆ ಲೆಕ್ಕ ತಿರುಗುತ್ತದೆ. ಹಾಕಿದ್ದು ₹19.5 ಲಕ್ಷ, ಆದದ್ದು ₹18.5 ಲಕ್ಷ, ₹1 ಲಕ್ಷ ಓವರ್ ಅಬ್ಸಾರ್ಪ್ಷನ್. ಇದನ್ನು ಲಾಭವೆಂದು ಬರೆದುಕೊಂಡು ಸುಮ್ಮನಾದರೆ ದಾಸ್ತಾನಿನ ಬೆಲೆ ನಿಜಕ್ಕಿಂತ ಹೆಚ್ಚಾಗಿ ನಿಲ್ಲುತ್ತದೆ. ದಾಸ್ತಾನಿನ ಪಾಲನ್ನು ಅದರಿಂದ ಇಳಿಸಿ, ಮಾರಿದ ಸರಕಿನ ಪಾಲನ್ನು ಮಾತ್ರ ಖಾತೆಗೆ ಜಮಾ ಮಾಡಬೇಕು.

ಹಂಗಾಮಿನ ಗಿರಣಿಯ ಗುಮಾಸ್ತರು ಒಂದು ವಿಷಯದಲ್ಲಿ ಆತುರಪಡಬಾರದು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಪ್ರತಿ ತಿಂಗಳೂ ಕೊರತೆಯೇ ಕಾಣುತ್ತದೆ. ಅದನ್ನು ಆಗಾಗ ನಷ್ಟವೆಂದು ತೀರಿಸದೆ ಓವರ್‌ಹೆಡ್ ಸಸ್ಪೆನ್ಸ್ ಖಾತೆಯಲ್ಲಿ ಇಡುತ್ತಾರೆ. ಸುಗ್ಗಿಯ ತಿಂಗಳುಗಳು ಅದನ್ನು ತುಂಬುತ್ತವೆ. ಮಾರ್ಚ್ ಕೊನೆಗೆ ಉಳಿದದ್ದನ್ನು ಮಾತ್ರ ತೀರಿಸಬೇಕು, ಮುಂದಿನ ವರ್ಷಕ್ಕೆ ಹೊರಿಸಬಾರದು. ವರ್ಷವರ್ಷವೂ ಕೊರತೆಯೇ ಬಂದರೆ ದೂರಬೇಕಾದದ್ದು ಮಳೆಯನ್ನಲ್ಲ, 12,000 ಎಂಬ ಅಂದಾಜನ್ನು. ಅದನ್ನು ಯಂತ್ರದ ಸಾಮರ್ಥ್ಯದಿಂದ ಕಟ್ಟದೆ, ಹಿಂದಿನ ಕೆಲವು ಹಂಗಾಮುಗಳಲ್ಲಿ ಗಿರಣಿ ನಿಜಕ್ಕೂ ಓಡಿದ ಗಂಟೆಗಳ ಸರಾಸರಿಯಿಂದ ಕಟ್ಟಬೇಕು.