ಸ್ಯಾಟರ್ನ್ ಅಷ್ಟು ನಿಧಾನವಾಗಿ ಏಕೆ ಎದ್ದಿತು?

1969ರ ಜುಲೈ 16ರಂದು ಅಪೊಲೊ 11 ಹೊರಟ ದೃಶ್ಯವನ್ನು ಗಮನವಿಟ್ಟು ನೋಡಿ. ಬೆಂಕಿ ಭುಗಿಲೆದ್ದರೂ ಸ್ಯಾಟರ್ನ್ 5 ರಾಕೆಟ್ ಬಾಣದಂತೆ ಚಿಮ್ಮುವುದಿಲ್ಲ. ಪಕ್ಕದ ಗೋಪುರವನ್ನು ದಾಟಲು ಅದಕ್ಕೆ ಹತ್ತು ಸೆಕೆಂಡಿಗೂ ಹೆಚ್ಚು ಬೇಕಾಯಿತು. ಇಷ್ಟು ದೊಡ್ಡ ಎಂಜಿನ್‌ಗಳಿದ್ದೂ ಈ ನಿಧಾನವೇಕೆ ಎಂಬುದಕ್ಕೆ ಶಾಲೆಯ ಗಣಿತವೇ ಉತ್ತರ ಕೊಡುತ್ತದೆ.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ರಾಕೆಟ್ ಕೆಳಗಿನ ಗಾಳಿಯನ್ನಾಗಲಿ ನೆಲವನ್ನಾಗಲಿ ಒದ್ದು ಮೇಲೇರುವುದಿಲ್ಲ. 1920ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ, ಗಾಳಿಯಿಲ್ಲದ ಕಡೆ ರಾಕೆಟ್ ಕೆಲಸ ಮಾಡದು ಎಂದು ರಾಬರ್ಟ್ ಗೊಡಾರ್ಡ್ ಅವರನ್ನು ಹೀಯಾಳಿಸಿತ್ತು. ಆ ಮಾತನ್ನು ತಿದ್ದಿಕೊಂಡದ್ದು ಅಪೊಲೊ 11 ಹೊರಟ ಮರುದಿನ. ನಿಜವಾಗಿ ರಾಕೆಟ್ ಒದೆಯುವುದು ತಾನೇ ಹೊತ್ತು ತಂದ ಇಂಧನವನ್ನು. ಉರಿದ ಅನಿಲವನ್ನು ಅದು ಕೆಳಕ್ಕೆ ತಳ್ಳುತ್ತದೆ, ಅನಿಲ ಅಷ್ಟೇ ಬಲದಿಂದ ರಾಕೆಟ್ಟನ್ನು ಮೇಲಕ್ಕೆ ತಳ್ಳುತ್ತದೆ.

ಆ ಬಲ ಎಷ್ಟು? ವಸ್ತುವಿನ ರಾಶಿಯನ್ನು ಅದರ ವೇಗದಿಂದ ಗುಣಿಸಿದರೆ ಸಂವೇಗ ಸಿಗುತ್ತದೆ. ಪ್ರತಿ ಸೆಕೆಂಡಿಗೆ ಅನಿಲ ಹೊತ್ತೊಯ್ಯುವ ಸಂವೇಗವೇ ರಾಕೆಟ್ಟಿನ ನೂಕುಬಲ. ಸ್ಯಾಟರ್ನ್‌ನ ಕೆಳಗಿನ ಐದು ಎಫ್-1 ಎಂಜಿನ್‌ಗಳು ಸೆಕೆಂಡಿಗೆ ಸುಮಾರು 13,000 ಕಿಲೋಗ್ರಾಂ ಸೀಮೆಎಣ್ಣೆ ಮತ್ತು ದ್ರವ ಆಮ್ಲಜನಕವನ್ನು ಉರಿಸುತ್ತಿದ್ದವು. ಅನಿಲದ ವೇಗವನ್ನು ಸೆಕೆಂಡಿಗೆ 2,600 ಮೀಟರ್ ಎಂದು ಇಟ್ಟುಕೊಳ್ಳಿ. ಎರಡನ್ನೂ ಗುಣಿಸಿದರೆ 3.38 ಕೋಟಿ ನ್ಯೂಟನ್.

ಇಷ್ಟೂ ಬಲ ಏರುವುದಕ್ಕೇ ಸಿಗುವುದಿಲ್ಲ. ಹೊರಡುವಾಗ ರಾಕೆಟ್ಟಿನ ರಾಶಿ ಸುಮಾರು 29 ಲಕ್ಷ ಕಿಲೋಗ್ರಾಂ. ಅದನ್ನು ಭೂಮಿ 2.84 ಕೋಟಿ ನ್ಯೂಟನ್ ಬಲದಿಂದ ಕೆಳಕ್ಕೆಳೆಯುತ್ತದೆ. ಹಾಗಾಗಿ ಉಳಿಯುವುದು ಬರೀ 54 ಲಕ್ಷ ನ್ಯೂಟನ್. ಅದನ್ನು 29 ಲಕ್ಷದಿಂದ ಭಾಗಿಸಿದರೆ ಆರಂಭದ ವೇಗೋತ್ಕರ್ಷ 1.86, ಅಂದರೆ ಪ್ರತಿ ಸೆಕೆಂಡಿಗೆ ವೇಗ ಸೆಕೆಂಡಿಗೆ ಎರಡು ಮೀಟರಿಗಿಂತಲೂ ಕಡಿಮೆ ಹೆಚ್ಚುತ್ತದೆ. ಕಲ್ಲೊಂದು ಬೀಳುವಾಗ ಪಡೆಯುವ ವೇಗೋತ್ಕರ್ಷದ ಐದನೇ ಒಂದು ಪಾಲಿನಷ್ಟು. ಈ ಲೆಕ್ಕದಲ್ಲಿ 110 ಮೀಟರ್ ಏರಲು ಸುಮಾರು 11 ಸೆಕೆಂಡು ಬೇಕು. ಕಣ್ಣಿಗೆ ಕಂಡದ್ದೂ ಹೆಚ್ಚುಕಡಿಮೆ ಅದೇ.

ಈ ಅಂಚು ಎಷ್ಟು ಕಿರಿದು ಎಂಬುದು ನನಗೆ ಮೈ ನವಿರೇಳಿಸುವ ವಿಷಯ. ಐದರಲ್ಲಿ ಒಂದು ಎಂಜಿನ್ ಹೊತ್ತದಿದ್ದರೆ ನೂಕುಬಲ ಸುಮಾರು 2.7 ಕೋಟಿಗೆ ಇಳಿಯುತ್ತದೆ, ತೂಕಕ್ಕಿಂತ ಕಡಿಮೆ. ಆಗ ರಾಕೆಟ್ ಏಳಲಾರದು. ಆದ್ದರಿಂದಲೇ ಎಂಜಿನ್‌ಗಳು ಹೊತ್ತಿಕೊಂಡ ಮೇಲೂ ಉಕ್ಕಿನ ತೋಳುಗಳು ರಾಕೆಟ್ಟನ್ನು ಕೆಲವು ಸೆಕೆಂಡು ಹಿಡಿದಿಟ್ಟಿದ್ದವು. ಐದೂ ಪೂರ್ಣ ಬಲಕ್ಕೆ ಬಂದದ್ದು ಖಚಿತವಾದ ಮೇಲಷ್ಟೇ ಬಿಟ್ಟವು.

ಒಮ್ಮೆ ಎದ್ದ ಮೇಲೆ ಲೆಕ್ಕ ಬೇಗ ಬದಲಾಗುತ್ತದೆ. ಸೆಕೆಂಡಿಗೆ 13 ಟನ್ ಕಳೆದುಕೊಂಡು ರಾಕೆಟ್ ಹಗುರಾಗುತ್ತಾ ಹೋಗುತ್ತದೆ. ಮೇಲೇರಿದಂತೆ ಹೊರಗಿನ ಗಾಳಿಯ ಒತ್ತಡ ಇಳಿದು ನೂಕುಬಲವೂ ತುಸು ಹೆಚ್ಚುತ್ತದೆ. ಎರಡೂಕಾಲು ನಿಮಿಷದ ಹೊತ್ತಿಗೆ ವೇಗೋತ್ಕರ್ಷ ಮಿತಿಮೀರದಂತೆ ನಡುವಿನ ಎಂಜಿನ್ನನ್ನು ಬೇಕೆಂದೇ ಆರಿಸಬೇಕಾಯಿತು.