ಪಿನ್ ಇಲ್ಲಿ, ಗೆಳೆಯ ಅಲ್ಲಿ

“ಎಲ್ಲಿದ್ದೀಯೋ?”

“ನೀನು ಕಳಿಸಿದ ಲೊಕೇಶನ್‌ನಲ್ಲೇ ನಿಂತಿದ್ದೀನಿ ಕಣೋ. ನೀನೆಲ್ಲಿ?”

“ನಾನೂ ನೀನು ಕಳಿಸಿದ ಲೊಕೇಶನ್‌ನಲ್ಲೇ!”

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೂ ಬೆಂಗಳೂರಿನ ಕನಕಪುರ ರಸ್ತೆಯಲ್ಲಿ ಒಬ್ಬ ಬನಶಂಕರಿ ಮೆಟ್ರೋ ನಿಲ್ದಾಣದ ಕೆಳಗಿದ್ದಾನೆ, ಇನ್ನೊಬ್ಬ ಅಲ್ಲಿಂದ ಆರು ನಿಲ್ದಾಣ ಆಚೆ, ತಲಘಟ್ಟಪುರದಲ್ಲಿ. ಇದೊಂದು ಪುಟ್ಟ ಕಥೆ. ಇಬ್ಬರು ಗೆಳೆಯರನ್ನು ರವಿ, ಮಂಜ ಎಂದು ಕರೆಯೋಣ.

ಇಬ್ಬರೂ ಸೇರಿ ಒಂದು ಕಲ್ಯಾಣ ಮಂಟಪ ನೋಡಲು ಹೋಗಬೇಕಿತ್ತು. ಬೈಕ್ ತಂದಿದ್ದ ರವಿ ಬನಶಂಕರಿಯಲ್ಲಿ ಕಾಯುತ್ತಿದ್ದ. ಮ್ಯಾಪ್ ತೆರೆದು, ‘ಕನಕಪುರ ರಸ್ತೆ’ ಎಂದು ಟೈಪ್ ಮಾಡಿ, ಮೂಡಿದ ಕೆಂಪು ಪಿನ್ನನ್ನು ಮಂಜನಿಗೆ ಕಳಿಸಿದ. ತಾನು ನಿಂತಿರುವುದು ಅದೇ ರಸ್ತೆಯಲ್ಲಿ, ಹಾಗಾಗಿ ಪಿನ್ ತನ್ನದೇ ಎಂದುಕೊಂಡ. ತಪ್ಪು ಶುರುವಾದದ್ದು ಇಲ್ಲಿ.

ಮ್ಯಾಪಿನ ಪಿನ್ ಎಂದರೆ ಎರಡು ಅಂಕಿಗಳ ಜೋಡಿ, ಒಂದು ಅಕ್ಷಾಂಶ, ಇನ್ನೊಂದು ರೇಖಾಂಶ. ಅದು ಗುರುತಿಸುವುದು ಒಂದೇ ಒಂದು ಬಿಂದುವನ್ನು. ರಸ್ತೆಯಾದರೋ ಕಿಲೋಮೀಟರ್‌ಗಟ್ಟಲೆ ಸಾಗುವ ಗೆರೆ. ರಸ್ತೆಯ ಹೆಸರನ್ನಷ್ಟೇ ಕೊಟ್ಟರೆ ಮ್ಯಾಪ್ ಆ ಗೆರೆಯ ಮೇಲೆ ಎಲ್ಲೋ ಒಂದು ಕಡೆ ಪಿನ್ ಚುಚ್ಚಲೇಬೇಕು. ಹುಡುಕಿದವನು ಎಲ್ಲಿ ನಿಂತಿದ್ದಾನೆ ಎಂಬುದಕ್ಕೂ ಆ ಬಿಂದುವಿಗೂ ಸಂಬಂಧವಿರಬೇಕಿಲ್ಲ. ರವಿಯ ಪಿನ್ ಅಂದು ತಲಘಟ್ಟಪುರದ ಬಳಿ ಬಿದ್ದಿತ್ತು.

ಮಂಜ ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದ ರೈಲು ಹತ್ತಿದ್ದ. “ಬರ್ತಾ ಇದ್ದೀನಿ” ಎಂದು ತಿಳಿಸಲು ದಾರಿಯಲ್ಲೇ ತನ್ನ ‘ಕರೆಂಟ್ ಲೊಕೇಶನ್’ ಕಳಿಸಿದ. ಆ ಗಳಿಗೆಯಲ್ಲಿ ರೈಲು ಬನಶಂಕರಿಯಲ್ಲಿ ನಿಂತಿತ್ತು. ಕೆಳಗಿದ್ದ ರವಿ ಮೊಬೈಲ್ ನೋಡಿದ. ಮಂಜನ ಪಿನ್ ತನ್ನ ಪಕ್ಕದಲ್ಲೇ ಇದೆ! ಇನ್ನೇನು ಮೆಟ್ಟಿಲು ಇಳಿದು ಬರುತ್ತಾನೆಂದು ಕಾದ. ಮಂಜನ ರೈಲು ಅಷ್ಟರಲ್ಲಿ ಅವನ ತಲೆಯ ಮೇಲೆಯೇ ಮುಂದೆ ಸಾಗಿತ್ತು.

ಕರೆಂಟ್ ಲೊಕೇಶನ್ ಎಂಬುದು ಫೋಟೋ ಇದ್ದ ಹಾಗೆ. ಕಳಿಸಿದ ಕ್ಷಣ ಎಲ್ಲಿದ್ದೆವೋ ಅಷ್ಟನ್ನೇ ಹೇಳುತ್ತದೆ, ನಾವು ಮುಂದೆ ಹೋದರೂ ಅದು ಅಲ್ಲೇ ಉಳಿಯುತ್ತದೆ. ನಮ್ಮ ಜೊತೆ ಸಾಗುವುದು ‘ಲೈವ್ ಲೊಕೇಶನ್’ ಮಾತ್ರ. ವಾಟ್ಸಾಪ್‌ನಲ್ಲಿ ಅದನ್ನು 15 ನಿಮಿಷ, 1 ಗಂಟೆ ಅಥವಾ 8 ಗಂಟೆಗೆ ಹಂಚಬಹುದು. ಆ ಅವಧಿ ಮುಗಿದ ಮೇಲೆ, ಇಲ್ಲವೇ ನೆಟ್‌ವರ್ಕ್ ಹೋದಾಗ, ಅದೂ ಹಳೆಯ ಫೋಟೋ ಆಗಿಬಿಡುತ್ತದೆ. ಆದ್ದರಿಂದ ಬಂದ ಲೊಕೇಶನ್ ಎಷ್ಟು ಹೊತ್ತಿಗೆ ಕಳಿಸಿದ್ದು ಎಂದು ಮೊದಲು ನೋಡಬೇಕು.

ನಿಂತ ಜಾಗದಿಂದಲೇ ಕಳಿಸಿದರೂ ಪಿನ್ ಕೊಂಚ ಸರಿಯಬಹುದು. ಮೊಬೈಲ್ ತನ್ನ ಜಾಗವನ್ನು ಲೆಕ್ಕ ಹಾಕಲು ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಬೇಕು. ಬಯಲಿನಲ್ಲಿ ತಪ್ಪು ಕೆಲವು ಮೀಟರ್ ಮಾತ್ರ. ಮೆಟ್ರೋ ಸೇತುವೆಯ ಕೆಳಗೆ, ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ಸುತ್ತಿ ಬರುವುದರಿಂದ ತಪ್ಪು ಹೆಚ್ಚುತ್ತದೆ. ಇದನ್ನು ತಿಳಿಯುವುದು ಸುಲಭ. ಮ್ಯಾಪ್‌ನಲ್ಲಿ ನೀಲಿ ಚುಕ್ಕಿಯ ಸುತ್ತ ತಿಳಿನೀಲಿ ವೃತ್ತ ಕಾಣುತ್ತದಲ್ಲ, ನೀವು ಆ ವೃತ್ತದೊಳಗೆ ಎಲ್ಲಾದರೂ ಇರಬಹುದು ಎಂದು ಅದರರ್ಥ. ವೃತ್ತ ದೊಡ್ಡದಾಗಿದ್ದರೆ ಬಯಲಿಗೆ ಬಂದು, ಅದು ಕುಗ್ಗಿದ ಮೇಲೆ ಕಳಿಸಿ. ಆದರೆ ಈ ದೋಷ ಮನುಷ್ಯನನ್ನು ರಸ್ತೆಯ ಆಚೆ ಬದಿಗೋ ಪಕ್ಕದ ಬೀದಿಗೋ ತಳ್ಳುತ್ತದೆಯೇ ಹೊರತು ಆರು ನಿಲ್ದಾಣ ಆಚೆಗಲ್ಲ. ಅಷ್ಟು ದೂರದ ತಪ್ಪಾದರೆ ಉಪಗ್ರಹವನ್ನು ಬೈಯಬೇಡಿ, ಯಾವ ಪಿನ್ ಕಳಿಸಿದ್ದು ಎಂದು ನೋಡಿ.

ರವಿ–ಮಂಜರ ಜಗಳ ಹತ್ತು ನಿಮಿಷ ನಡೆಯಿತು. ಕೊನೆಗೆ ರವಿ ಕೇಳಿದ: “ಪಿನ್ ಕಥೆ ಬಿಡು ಮಾರಾಯ, ನಿನ್ನ ಎದುರಿಗೆ ಏನು ಕಾಣ್ತಿದೆ?” ಮಂಜ ತಲೆಯೆತ್ತಿ ನೋಡಿ, ನಿಲ್ದಾಣದ ಹೆಸರನ್ನೂ ಪಕ್ಕದ ಮೆಟ್ರೋ ಕಂಬದ ನಂಬರನ್ನೂ ಓದಿ ಹೇಳಿದ. ರವಿ ಬೈಕ್ ಹತ್ತಿದ.

ನೀವೂ ಲೊಕೇಶನ್ ಕಳಿಸುವಾಗ ಅದರ ಕೆಳಗೆ ಒಂದು ಸಾಲು ಬರೆಯಿರಿ: ಯಾವ ನಿಲ್ದಾಣ, ಎಷ್ಟನೇ ಕಂಬ, ರಸ್ತೆಯ ಯಾವ ಬದಿ. ಪಿನ್ನೂ ಆ ಸಾಲೂ ಹೊಂದಿಕೆಯಾಗದಿದ್ದರೆ, ಹೊರಡುವ ಮೊದಲೇ ಒಂದು ಫೋನ್ ಮಾಡಿ.